ಮೊದಲ ಪುಟಕ್ಕೆ ಬೇಕಾದಷ್ಟೇ ಸಾಕು

ಸೀರೆ ಮಾರುವ ಒಂದು ಜಾಲತಾಣವನ್ನು ಊಹಿಸಿಕೊಳ್ಳಿ. ಮಾಲೀಕರಷ್ಟೇ ನೋಡುವ ಮಾರಾಟದ ನಕ್ಷೆಯ ಕೋಡ್ ಕೂಡ ಎಲ್ಲರಿಗೂ ಹೋಗುವ ಜಾವಾಸ್ಕ್ರಿಪ್ಟ್ ಬಂಡಲ್‌ನಲ್ಲಿ ಸೇರಿದೆ. ಗ್ರಾಹಕರ ಫೋನು ಅದನ್ನು ಇಳಿಸಿಕೊಂಡರೆ ಮುಗಿಯಲಿಲ್ಲ, ಓದಿ ಸಿದ್ಧಪಡಿಸಿಕೊಳ್ಳಲೂ ಬೇಕು. ಅಗ್ಗದ ಫೋನಿಗೆ ಅದೇ ದೊಡ್ಡ ಭಾರ. ಕ್ರೋಮ್‌ನ ಡೆವ್‌ಟೂಲ್ಸ್‌ನಲ್ಲಿ Coverage ತೆರೆದರೆ ಬಳಕೆಯಾಗದ ಕೋಡ್ ಕೆಂಪಾಗಿ ಕಾಣುತ್ತದೆ.

ಇದಕ್ಕೆ ಮದ್ದು ಕೋಡ್ ಸ್ಪ್ಲಿಟಿಂಗ್. ಕಡತದ ಮೇಲ್ಭಾಗದ import ಸಾಲನ್ನು ತೆಗೆದು, ನಕ್ಷೆ ಬೇಕಾದ ಜಾಗದಲ್ಲೇ ಹೀಗೆ ಬರೆಯಬೇಕು:

```js
const chart = await import('./chart.js');
```

ವೆಬ್‌ಪ್ಯಾಕ್, ವೀಟ್‌ನಂಥ ಸಾಧನಗಳು ಆ ಭಾಗವನ್ನು ತಾವೇ ಬೇರೆ ಕಡತವಾಗಿಸುತ್ತವೆ. ಆದರೆ ಮೊದಲ ಪುಟದ ಇನ್ನೊಂದು ಕಡತ ಅದನ್ನೇ ಹಳೆಯ ರೀತಿಯಲ್ಲಿ ಕರೆಯುತ್ತಿದ್ದರೆ ಬಂಡಲ್ ಕರಗುವುದಿಲ್ಲ. ಹಾಗಾಗಿ ಬದಲಾವಣೆಯ ನಂತರ ಗಾತ್ರವನ್ನು ಮತ್ತೆ ನೋಡಲೇಬೇಕು.

ಇನ್ನು ಚಿತ್ರಗಳು. ಕ್ಯಾಮೆರಾದಿಂದ ಬಂದ 4000 ಪಿಕ್ಸೆಲ್ ಅಗಲದ ಫೋಟೊವನ್ನು ಪರದೆಯ ಮೇಲೆ 400ರ ಅಗಲದಲ್ಲಿ ತೋರಿಸುತ್ತಾರೆ. ಸ್ಪಷ್ಟ ಪರದೆಗಾಗಿ ಎರಡರಷ್ಟು, ಅಂದರೆ 800 ಇಟ್ಟರೂ ಪಿಕ್ಸೆಲ್‌ಗಳು 25ನೇ ಒಂದು ಪಾಲಿಗೆ ಇಳಿಯುತ್ತವೆ. ವೆಬ್‌ಪಿ ರೂಪಕ್ಕೆ ಬದಲಿಸಿದರೆ ಸಾಮಾನ್ಯವಾಗಿ ಇನ್ನಷ್ಟು ಹಗುರ.

ಕೆಳಗಿನ ಸೀರೆಗಳ ಚಿತ್ರಕ್ಕೆ `loading="lazy"` ಸೇರಿಸಿದರೆ, ಓದುಗರು ಹತ್ತಿರ ಬಂದಾಗಲೇ ಅವು ಇಳಿಯುತ್ತವೆ. ಇದನ್ನು ಎಲ್ಲ ಚಿತ್ರಗಳಿಗೂ ಅಂಟಿಸುವುದು ನಾನು ಪದೇಪದೇ ಕಾಣುವ ತಪ್ಪು. ಪುಟ ತೆರೆದೊಡನೆ ಕಾಣುವ ದೊಡ್ಡ ಚಿತ್ರಕ್ಕೆ ಹಾಕಿದರೆ ಅದು ತಡವಾಗಿ ಬಂದು ತಾಣ ಮತ್ತಷ್ಟು ನಿಧಾನವೆನಿಸುತ್ತದೆ. `width`, `height` ಕೊಡದಿದ್ದರೆ ಚಿತ್ರ ಬಂದಾಗ ಬರಹ ಕೆಳಕ್ಕೆ ಜಿಗಿಯುತ್ತದೆ. ಪರೀಕ್ಷೆಯನ್ನು ನಿಮ್ಮ ವೇಗದ ಲ್ಯಾಪ್‌ಟಾಪಿನಲ್ಲಿ ಮುಗಿಸಬೇಡಿ, ಸಾಧಾರಣ ಫೋನಿನಲ್ಲಿ ಮಾಡಿ.