ಇಸಬ್‌ಗೋಲಿನ ಲೋಳೆ, ಗೋಧಿ ತೌಡಿನ ಒರಟು

ಮಲಬದ್ಧತೆಗೂ ಇಸಬ್‌ಗೋಲ್, ಭೇದಿಗೂ ಇಸಬ್‌ಗೋಲ್. ಒಂದಕ್ಕೆ ಬಿಸಿನೀರಿನಲ್ಲಿ, ಇನ್ನೊಂದಕ್ಕೆ ಮೊಸರಿನಲ್ಲಿ ಎನ್ನುತ್ತಾರೆ ಮನೆಯ ಹಿರಿಯರು. ಒಂದೇ ಹೊಟ್ಟು ಎರಡು ವಿರುದ್ಧ ತೊಂದರೆಗಳಿಗೆ ಆಗಿಬರುವುದು ಅದರ ಲೋಳೆಯಿಂದ.

ನಾರಿನಂಶವನ್ನು ನಮ್ಮ ಜೀರ್ಣರಸಗಳು ಒಡೆಯಲಾರವು. ಓಟ್ಸ್, ಮೆಂತ್ಯ, ಇಸಬ್‌ಗೋಲಿನಲ್ಲಿ ಹೆಚ್ಚಾಗಿರುವ ಕರಗುವ ನಾರು ನೀರು ಹೀರಿಕೊಂಡು ಲೋಳೆಯಾಗುತ್ತದೆ. ಅವುಗಳಲ್ಲಿ ಇಸಬ್‌ಗೋಲಿನದು ಮೊಂಡು ಲೋಳೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೂ ಅದು ಅಷ್ಟಾಗಿ ಬಗ್ಗುವುದಿಲ್ಲ. ಹಾಗಾಗಿ ಹಿಡಿದ ನೀರು ಕೊನೆಯವರೆಗೂ ಉಳಿದು ಗಟ್ಟಿ ಮಲವನ್ನು ಮೆದುವಾಗಿಸುತ್ತದೆ. ಮಲ ನೀರಾಗಿದ್ದರೆ ಆ ನೀರನ್ನೇ ಹೀರಿ ಹದಕ್ಕೆ ತರುತ್ತದೆ.

ಈ ಲೋಳೆ ಸಣ್ಣ ಕರುಳಿನಲ್ಲಿ ಇನ್ನೂ ಎರಡು ಕೆಲಸ ಮಾಡುತ್ತದೆ. ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುವುದು ಒಂದು. ಇನ್ನೊಂದು ಪಿತ್ತರಸಕ್ಕೆ ಸಂಬಂಧಿಸಿದ್ದು. ಯಕೃತ್ತು ಪಿತ್ತಾಮ್ಲವನ್ನು ತಯಾರಿಸುವುದು ಕೊಲೆಸ್ಟ್ರಾಲ್‌ನಿಂದ. ಕೊಬ್ಬನ್ನು ಜೀರ್ಣಿಸಿದ ಮೇಲೆ ಅದರಲ್ಲಿ ಶೇ. 95ರಷ್ಟು ಸಣ್ಣ ಕರುಳಿನ ಕೊನೆಯಲ್ಲಿ ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತದೆ. ಲೋಳೆಗೆ ಸಿಕ್ಕಿಬಿದ್ದಷ್ಟು ಮಾತ್ರ ಮಲದೊಂದಿಗೆ ಹೊರಗೆ ಹೋಗುತ್ತದೆ. ಆ ಕೊರತೆ ತುಂಬಿಕೊಳ್ಳಲು ಯಕೃತ್ತು ರಕ್ತದಿಂದ ಎಲ್‌ಡಿಎಲ್ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಓಟ್ಸ್ ನಾರು (ಬೀಟಾ ಗ್ಲೂಕಾನ್) ತಿಂದರೆ ಎಲ್‌ಡಿಎಲ್ ಸುಮಾರು ಶೇ. 5ರಿಂದ 7ರಷ್ಟು ಇಳಿಯಬಹುದು. ಮಾತ್ರೆ ಬಿಡುವಷ್ಟು ದೊಡ್ಡ ಇಳಿಕೆ ಇದಲ್ಲ.

ಕರಗದ ನಾರಿನ ದಾರಿಯೇ ಬೇರೆ. ಗೋಧಿ ತೌಡು ಲೋಳೆಯಾಗುವುದಿಲ್ಲ. ಅದರ ಒರಟು ಚೂರುಗಳು ದೊಡ್ಡ ಕರುಳಿನ ಒಳಗೋಡೆಗೆ ತಾಗಿದಾಗ ಗೋಡೆ ನೀರನ್ನೂ ಸಿಂಬಳದಂಥ ದ್ರವವನ್ನೂ ಸುರಿಸುತ್ತದೆ, ಮಲ ಬೇಗ ಸಾಗುತ್ತದೆ. ಕೆಲಸ ಮಾಡುವುದು ಒರಟುತನವೇ ಆದ್ದರಿಂದ ತೌಡನ್ನು ನುಣ್ಣಗೆ ಬೀಸಿದರೆ ಪರಿಣಾಮ ಕುಗ್ಗುತ್ತದೆ. ಕೆಲವೊಮ್ಮೆ ಮಲ ಇನ್ನಷ್ಟು ಗಟ್ಟಿಯಾಗುವುದೂ ಉಂಟು. ಪೊಟ್ಟಣದ ಮೇಲೆ ಎಷ್ಟು ಗ್ರಾಂ ನಾರು ಎಂದಷ್ಟೇ ಓದುವವರಿಗೆ ಇದು ತಿಳಿಯದು. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರಿದೆ, ಅದರಲ್ಲಿ ಬಹುಪಾಲು ಕರಗದ್ದು. ಕೊಲೆಸ್ಟ್ರಾಲ್ ಇಳಿಸಲೆಂದು ಮುದ್ದೆಯೊಂದನ್ನೇ ನೆಚ್ಚಿಕೊಳ್ಳುವ ಬದಲು ಜೊತೆಗೆ ಕಾಳಿನ ಸಾರು, ಮೆಂತ್ಯ ಇರುವುದು ಮೇಲು.

ಎಡವಟ್ಟಾಗುವುದು ನೀರಿನ ವಿಷಯದಲ್ಲಿ. ಇಸಬ್‌ಗೋಲನ್ನು ಒಣಗಿದ್ದಂತೆಯೇ ಬಾಯಿಗೆ ಹಾಕಿಕೊಂಡರೆ ಅದು ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಒಂದು ಚಮಚಕ್ಕೆ ಕನಿಷ್ಠ 250 ಮಿ.ಲೀ. ನೀರು ಬೇಕು, ಕಲಸಿದ ಕೂಡಲೇ, ಗಟ್ಟಿಯಾಗುವ ಮೊದಲು ಕುಡಿಯಬೇಕು. ನುಂಗಲು ಕಷ್ಟವಿರುವವರು, ಕರುಳು ಕಿರಿದಾಗಿದೆ ಎಂದು ವೈದ್ಯರು ಹೇಳಿರುವವರು ಇದರ ಗೋಜಿಗೆ ಹೋಗಬಾರದು. ಲೋಳೆ ಔಷಧಿಯನ್ನೂ ಹಿಡಿದಿಟ್ಟುಕೊಳ್ಳಬಲ್ಲದು, ಆದ್ದರಿಂದ ಥೈರಾಯ್ಡ್‌ನಂಥ ಮಾತ್ರೆಗಳಿಗೂ ಇದಕ್ಕೂ ನಡುವೆ ಕೆಲವು ಗಂಟೆಗಳ ಅಂತರವಿರಲಿ.