ಹಳೆ ಕೆಲಸದ ತಾರೀಖು ತಾಳೆ ಆಗ್ತಿಲ್ಲ ಅಂತ ಎಚ್‌ಆರ್ ಮೇಲ್ ಬಂತಾ? ಉತ್ತರ ಬರೆಯೋದು ಹೀಗೆ

ನೀರಮಾನ್ವಿ (ಮಾನ್ವಿ): ಹೊಸ ಕಂಪನಿಯ ಆಫರ್ ಲೆಟರ್ ಕೈಗೆ ಬಂದಿರುತ್ತೆ. ಹಳೆ ಕೆಲಸಕ್ಕೆ ರಾಜೀನಾಮೆ ಕೊಟ್ಟೂ ಆಗಿರುತ್ತೆ. ಅಷ್ಟರಲ್ಲಿ ಎಚ್‌ಆರ್ ಕಡೆಯಿಂದ ಒಂದು ಮೇಲ್ ಬರುತ್ತೆ: "ನೀವು ಅರ್ಜಿಯಲ್ಲಿ ಬರೆದ ಕೆಲಸದ ದಿನಾಂಕಕ್ಕೂ, ಪರಿಶೀಲನೆಯಲ್ಲಿ ಸಿಕ್ಕ ದಿನಾಂಕಕ್ಕೂ ವ್ಯತ್ಯಾಸ ಇದೆ. ವಿವರಣೆ ಕೊಡಿ." ಮೊಬೈಲ್‌ನಲ್ಲಿ ಇದನ್ನು ಓದಿದ ಹುಡುಗ ಅಥವಾ ಹುಡುಗಿ ಕೆಲಸ ಹೋಯ್ತು ಅಂತಲೇ ಅಂದುಕೊಳ್ಳುತ್ತಾರೆ.

ಆದರೆ ಈ ಮೇಲ್ ಕೆಲಸ ಇಲ್ಲ ಅನ್ನೋ ಪತ್ರ ಅಲ್ಲ, ಒಂದು ಪ್ರಶ್ನೆ. ಇದಕ್ಕೆ ಕೊಡುವ ಉತ್ತರ ನೋಡಿಯೇ ಮುಂದಿನದು ತೀರ್ಮಾನ ಆಗುತ್ತೆ. ದಿನಾಂಕದ ವ್ಯತ್ಯಾಸ ಯಾಕೆ ಬರುತ್ತೆ, ದಾಖಲೆ ಎಲ್ಲಿ ಸಿಗುತ್ತೆ, ಉತ್ತರದಲ್ಲಿ ಏನು ಬರೀಬೇಕು ಅನ್ನೋದನ್ನ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ವ್ಯತ್ಯಾಸ ಬಂದದ್ದು ಎಲ್ಲಿ?

ನೀರಮಾನ್ವಿಯ ಹುಡುಗನೊಬ್ಬ ಬೆಂಗಳೂರಿನ ಒಂದು ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ಬರೆಯುವ ಕೆಲಸ ಮಾಡಿದ್ದ ಅಂತ ಇಟ್ಟುಕೊಳ್ಳಿ. ಹೊಸ ಕಂಪನಿಯ ಅರ್ಜಿಯಲ್ಲಿ ಆತ "14 ಜೂನ್ 2021ರಿಂದ 31 ಮಾರ್ಚ್ 2023" ಅಂತ ತುಂಬಿದ್ದಾನೆ. ಹಳೆ ಕಂಪನಿಯನ್ನು ಕೇಳಿದಾಗ ಅವರು "1 ಜನವರಿ 2022ರಿಂದ 17 ಮಾರ್ಚ್ 2023" ಅಂತ ತಿಳಿಸಿದ್ದಾರೆ. ಶುರುವಿನಲ್ಲಿ ಆರೂವರೆ ತಿಂಗಳು, ಕೊನೆಯಲ್ಲಿ 14 ದಿನ ವ್ಯತ್ಯಾಸ.

ಮೇಲ್ ಬಂದಾಗ ಹುಡುಗ ಊರಲ್ಲೇ ಇದ್ದ. ಗಾಬರಿಯಿಂದ ಕಿರಾಣಿ ಅಂಗಡಿಯ ಕಾಕಾನ ಹತ್ರ ಹೋದ.

"ಕಾಕಾ, ನಾ ಸುಳ್ಳ ಹೇಳಿಲ್ಲ. ಜೂನ್‌ನಾಗೇ ಸೇರಿದ್ದೆ. ಇವ್ರು ಜನವರಿ ಅಂತಾರ."

"ನಿನ್ನ ಕಳ್ಳ ಅಂದಿಲ್ಲಲೇ ತಮ್ಮಾ, ತಾರೀಖು ಯಾಕ ಹೊಂದವಲ್ದು ಅಂತ ಕೇಳ್ಯಾರ. ಮೊದ್ಲಿನ ಆರು ತಿಂಗಳು ಪಗಾರ ಯಾರು ಹಾಕ್ತಿದ್ರು?"

ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಮೊದಲ ಆರೂವರೆ ತಿಂಗಳು ಸಂಬಳ ಹಾಕಿದ್ದು ಮ್ಯಾನ್‌ಪವರ್ ಏಜೆನ್ಸಿ. ಕೆಲಸದ ಜಾಗ ಅದೇ, ಸೂಪರ್‌ವೈಸರ್ ಅವರೇ, ಆದರೆ ಕಾಗದದ ಮೇಲೆ ಹುಡುಗ ಏಜೆನ್ಸಿಯ ನೌಕರ. ಜನವರಿ 1ರಿಂದ ಮಾತ್ರ ಕಂಪನಿ ತನ್ನ ಸ್ವಂತ ರೋಲ್‌ಗೆ ತಗೊಂಡಿತ್ತು. ಹಾಗಾಗಿ ಕಂಪನಿ ಹೇಳಿದ್ದೂ ಖರೆ, ಹುಡುಗ ಜೂನ್‌ನಲ್ಲಿ ಸೇರಿದ್ದೂ ಖರೆ. ತಪ್ಪಿದ್ದು ಎರಡು ಕೆಲಸವನ್ನು ಒಂದೇ ಸಾಲಿನಲ್ಲಿ ಬರೆದದ್ದು.

ಕೊನೆಯ 14 ದಿನದ ಕಥೆ ಬೇರೆ. ರಿಲೀವಿಂಗ್ ಲೆಟರ್‌ನಲ್ಲಿ 17 ಮಾರ್ಚ್ ಅಂತ ಸ್ಪಷ್ಟವಾಗಿತ್ತು. ಹುಡುಗ ಅದನ್ನು ತೆಗೆದು ನೋಡದೆ, "ಮಾರ್ಚ್‌ನಾಗ ಬಿಟ್ಟೆ" ಅನ್ನೋ ನೆನಪಿನ ಮೇಲೆ ತಿಂಗಳ ಕೊನೆ ತಾರೀಖು ಹಾಕಿದ್ದ. ಇದು ಅವನದೇ ತಪ್ಪು.

ಅಂದ್ರೆ ಒಂದು ಮೇಲ್‌ನಲ್ಲಿ ಎರಡು ವ್ಯತ್ಯಾಸ ಇವೆ. ಒಂದಕ್ಕೆ ವಿವರಣೆ ಬೇಕು, ಇನ್ನೊಂದಕ್ಕೆ ತಪ್ಪೊಪ್ಪಿಗೆ ಬೇಕು. ಎರಡನ್ನೂ ಕಲಸಿ "ಏಜೆನ್ಸಿಯವರ ಗೊಂದಲದಿಂದ ಹೀಗಾಗಿದೆ" ಅಂತ ಬರೆದರೆ, ಕೊನೆಯ ತಾರೀಖಿಗೂ ಏಜೆನ್ಸಿಗೂ ಸಂಬಂಧ ಇಲ್ಲ ಅನ್ನೋದು ಓದುವವರಿಗೆ ತಿಳಿದುಬಿಡುತ್ತೆ. ಆಗ ಖರೆ ಇರುವ ಮೊದಲನೇ ಉತ್ತರವನ್ನೂ ನಂಬೋದು ಕಷ್ಟ.

ಮೊದಲು ದಾಖಲೆ, ಆಮೇಲೆ ಉತ್ತರ

ಮೇಲ್ ಓದಿದ ಕೂಡಲೇ ಉತ್ತರ ಟೈಪ್ ಮಾಡಬಾರದು. ಮೊದಲು ಅದು ನಿಜವಾಗಿ ಕಂಪನಿಯಿಂದಲೇ ಬಂದಿದೆಯಾ ನೋಡಬೇಕು. ಆಫರ್ ಲೆಟರ್ ಕಳಿಸಿದ ವಿಳಾಸಕ್ಕೂ ಇದಕ್ಕೂ ಹೋಲಿಸಿ ನೋಡಿ. ಅನುಮಾನ ಬಂದರೆ ಆಫರ್ ಕೊಟ್ಟ ಎಚ್‌ಆರ್‌ಗೆ ಫೋನ್ ಮಾಡಿ ಕೇಳಿ. ಪರಿಶೀಲನೆ ಹೆಸರಲ್ಲಿ ದುಡ್ಡು, ಒಟಿಪಿ, ಪಿಎಫ್ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ.

ಮೇಲ್‌ನಲ್ಲಿ ಉತ್ತರಕ್ಕೆ ಗಡುವು ಕೊಟ್ಟಿರಬಹುದು. ಅಷ್ಟರೊಳಗೆ ಎಲ್ಲ ದಾಖಲೆ ಸಿಗಲ್ಲ ಅನಿಸಿದರೆ, "ಮೇಲ್ ತಲುಪಿದೆ, ಇಂಥ ದಿನದೊಳಗೆ ದಾಖಲೆ ಸಮೇತ ಉತ್ತರಿಸುತ್ತೇನೆ" ಅಂತ ಎರಡು ಸಾಲು ಬರೆದು ಕಳಿಸಿ. ಸುಮ್ಮನೆ ಇರೋದೇ ಹೆಚ್ಚು ಅನುಮಾನಕ್ಕೆ ದಾರಿ.

ಪಿಎಫ್ ಕಟ್ಟಿದ್ದರೆ ಅದರ ದಾಖಲೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತೆ. ಯುಎಎನ್ ನಂಬರ್ ಹಾಕಿ ಪಿಎಫ್ ಸದಸ್ಯರ ಪೋರ್ಟಲ್‌ಗೆ ಹೋಗಿ, View ಒಳಗಿನ Service History ತೆರೆದರೆ ಯಾವ ಸಂಸ್ಥೆಯಲ್ಲಿ ಯಾವಾಗ ಸೇರಿದ್ದು, ಯಾವಾಗ ಬಿಟ್ಟಿದ್ದು ಅಂತ ಒಂದೊಂದು ಸಂಸ್ಥೆಗೂ ಬೇರೆ ಬೇರೆ ಸಾಲು ಕಾಣುತ್ತೆ. ನಮ್ಮ ಉದಾಹರಣೆಯ ಹುಡುಗನಿಗೆ ಇಲ್ಲಿ ಏಜೆನ್ಸಿಯ ಹೆಸರಲ್ಲಿ ಒಂದು ಸಾಲು, ಕಂಪನಿಯ ಹೆಸರಲ್ಲಿ ಇನ್ನೊಂದು ಸಾಲು ಸಿಕ್ಕಿತು. ಅವನ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಏಜೆನ್ಸಿಯವರು ಪಿಎಫ್ ಕಟ್ಟಿರದಿದ್ದರೆ ಪೇ ಸ್ಲಿಪ್, ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಬೇಕು. ಸ್ಟೇಟ್‌ಮೆಂಟ್ ಓದುವಾಗ ಒಂದು ಎಚ್ಚರ ಇರಲಿ. ಜೂನ್‌ನಲ್ಲಿ ಸೇರಿದವನಿಗೆ ಮೊದಲ ಸಂಬಳ ಜುಲೈನಲ್ಲಿ ಜಮೆ ಆಗಿರಬಹುದು. ಸಂಬಳ ಬಿದ್ದ ದಿನವನ್ನೇ ಸೇರಿದ ದಿನ ಅಂತ ಬರೆದರೆ ಮೂರನೇ ತಾರೀಖೊಂದು ಹುಟ್ಟಿಕೊಳ್ಳುತ್ತೆ. ಸ್ಟೇಟ್‌ಮೆಂಟ್ ಕಳಿಸುವಾಗ ಸಂಬಳದ ಸಾಲು ಇರುವ ತಿಂಗಳಷ್ಟೇ ಸಾಕು, ಇಡೀ ಖಾತೆಯ ವ್ಯವಹಾರ ತೋರಿಸುವ ಅಗತ್ಯ ಇಲ್ಲ.

ಪಿಎಫ್‌ನಲ್ಲಿ ಬಿಟ್ಟ ದಿನಾಂಕವೇ ಇಲ್ಲದಿದ್ದರೆ?

ಹಳೆ ಕಂಪನಿ ಬಿಟ್ಟ ದಿನಾಂಕ ತುಂಬದೇ ಹೋದರೆ ಆ ಜಾಗ ಖಾಲಿ ಇರುತ್ತೆ. ಹೊಸ ಕಂಪನಿಯವರಿಗೆ ಅದು ಇನ್ನೂ ಅಲ್ಲೇ ಕೆಲಸ ಮಾಡ್ತಿರುವ ಹಾಗೆ ಕಾಣುತ್ತೆ. ಕೊನೆಯ ಪಿಎಫ್ ಹಣ ಜಮೆಯಾಗಿ ಎರಡು ತಿಂಗಳು ಕಳೆದಿದ್ದರೆ ಅದೇ ಪೋರ್ಟಲ್‌ನ Manage ಒಳಗೆ Mark Exit ಮೂಲಕ, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಹಾಕಿ ನೌಕರರೇ ದಿನಾಂಕ ತುಂಬಬಹುದು. ಆದರೆ ಕೊನೆಯ ಪಿಎಫ್ ಕಟ್ಟಿದ ತಿಂಗಳೊಳಗಿನ ದಿನಾಂಕ ಮಾತ್ರ ಹಾಕಲು ಬರುತ್ತೆ.

ಇಲ್ಲಿ ಅವಸರ ಮಾಡಿ ಕೆಟ್ಟವರಾಗಬೇಡಿ. ಅರ್ಜಿಯಲ್ಲಿ 31 ಅಂತ ಬರೆದಿದ್ದೇನೆ, ಇಲ್ಲೂ 31 ಹಾಕಿದರೆ ಹೊಂದುತ್ತೆ ಅಂತ ಯೋಚಿಸಿದರೆ, ರಿಲೀವಿಂಗ್ ಲೆಟರ್‌ನ 17ಕ್ಕೂ ಪಿಎಫ್‌ಗೂ ಹೊಸ ಜಗಳ ಶುರುವಾಗುತ್ತೆ. ತುಂಬಿದ ಮೇಲೆ ಅದನ್ನು ಸರಿಪಡಿಸೋದು ತುಂಬಿದಷ್ಟು ಸುಲಭ ಅಲ್ಲ. ರಿಲೀವಿಂಗ್ ಲೆಟರ್ ಕೈಯಲ್ಲಿ ಹಿಡಿದು, ಅದರಲ್ಲಿದ್ದ ದಿನಾಂಕವನ್ನೇ ಹಾಕಬೇಕು.

ಉತ್ತರದ ನಮೂನೆ

ಉತ್ತರ ಒಂದು ಪುಟದೊಳಗೆ ಇರಲಿ. ಮನೆಯ ಕಷ್ಟ, ಕೆಲಸದ ಅಗತ್ಯ ಇವು ಈ ಮೇಲ್‌ನಲ್ಲಿ ಬೇಡ. ಓದುವವರು ನಿಮ್ಮ ಫೈಲ್‌ನಲ್ಲಿ ಒಂದು ಟಿಪ್ಪಣಿ ಬರೆದು ಮುಂದಕ್ಕೆ ಕಳಿಸಬೇಕು, ಅದಕ್ಕೆ ಬೇಕಾದಷ್ಟು ಸಿಕ್ಕರೆ ಸಾಕು. ಬಂದ ಮೇಲ್‌ಗೇ ರಿಪ್ಲೈ ಮಾಡಿ, ಹೊಸ ಮೇಲ್ ಬೇಡ. ಉದಾಹರಣೆಯ ಹುಡುಗನ ಉತ್ತರ ಹೀಗಿರಬಹುದು. ಇಂಗ್ಲಿಷ್‌ನಲ್ಲಿ ಕಳಿಸುವವರೂ ಇದೇ ಕ್ರಮ ಇಟ್ಟುಕೊಳ್ಳಬಹುದು.

> ಮಾನ್ಯರೇ,
>
> ನನ್ನ ಹಿಂದಿನ ಕೆಲಸದ ದಿನಾಂಕಗಳ ಬಗ್ಗೆ ನೀವು ಕಳಿಸಿದ ಮೇಲ್ ತಲುಪಿದೆ. ದಾಖಲೆಗಳನ್ನು ನೋಡಿ ಉತ್ತರಿಸುತ್ತಿದ್ದೇನೆ.
>
> ಸೇರಿದ ದಿನಾಂಕ: ನಾನು 14 ಜೂನ್ 2021ರಿಂದ 31 ಡಿಸೆಂಬರ್ 2021ರವರೆಗೆ ಏಜೆನ್ಸಿಯ ನೌಕರನಾಗಿ ಈ ಕಂಪನಿಯ ಗೋದಾಮಿನಲ್ಲಿ ಕೆಲಸ ಮಾಡಿದ್ದೇನೆ. 1 ಜನವರಿ 2022ರಿಂದ ಕಂಪನಿಯ ನೇರ ನೌಕರನಾದೆ. ಅರ್ಜಿಯಲ್ಲಿ ಎರಡನ್ನೂ ಸೇರಿಸಿ ಕಂಪನಿಯ ಹೆಸರಲ್ಲೇ ಬರೆದಿದ್ದೆ. ಬೇರೆಯಾಗಿ ಬರೆಯಬೇಕಿತ್ತು.
>
> ಬಿಟ್ಟ ದಿನಾಂಕ: ನನ್ನ ಕೊನೆಯ ದಿನ 17 ಮಾರ್ಚ್ 2023. ಅರ್ಜಿಯಲ್ಲಿ 31 ಮಾರ್ಚ್ ಎಂದು ಬರೆದದ್ದು ನನ್ನ ತಪ್ಪು. 17 ಮಾರ್ಚ್ ಎಂದು ತಿದ್ದಿಕೊಳ್ಳಲು ಕೋರುತ್ತೇನೆ.
>
> ಇದರ ಜೊತೆ ಏಜೆನ್ಸಿಯ ಆಫರ್ ಲೆಟರ್, ಪಿಎಫ್ ಸೇವಾ ವಿವರ ಮತ್ತು ಕಂಪನಿಯ ರಿಲೀವಿಂಗ್ ಲೆಟರ್ ಲಗತ್ತಿಸಿದ್ದೇನೆ. ಏಜೆನ್ಸಿಯನ್ನು ನೇರವಾಗಿ ಸಂಪರ್ಕಿಸಲು ಬೇಕಾದ ಮೇಲ್ ವಿಳಾಸ ಆಫರ್ ಲೆಟರ್‌ನಲ್ಲಿದೆ.
>
> ಹೆಸರು, ಮೊಬೈಲ್ ನಂಬರ್

ಈ ಉತ್ತರದಲ್ಲಿ ಕೊನೆಯ ಸಾಲಿಗೆ ತೂಕ ಇದೆ. ನೀವು ಕಳಿಸಿದ ಕಾಗದ ನಂಬಿ ಅಂತ ಹೇಳೋದಷ್ಟೇ ಅಲ್ಲ, ಬೇಕಾದ್ರೆ ನೀವೇ ಕೇಳಿ ನೋಡಿ ಅಂತ ದಾರಿ ತೋರಿಸಿದಂತೆ ಆಗುತ್ತೆ. ಏಜೆನ್ಸಿ ಮುಚ್ಚಿ ಹೋಗಿದ್ದರೆ ಅದನ್ನೂ ಒಂದು ಸಾಲಲ್ಲಿ ಬರೆದು, ಪಿಎಫ್ ಅಥವಾ ಬ್ಯಾಂಕ್ ದಾಖಲೆ ಕಡೆ ತೋರಿಸಬೇಕು.

ಉತ್ತರ ಕೊಟ್ಟ ಮಾತ್ರಕ್ಕೆ ಕೆಲಸ ಗಟ್ಟಿ ಅಂತ ಅಲ್ಲ. ಎಷ್ಟು ದಿನದ ವ್ಯತ್ಯಾಸ ಒಪ್ಪಬೇಕು ಅನ್ನೋದು ಆಯಾ ಕಂಪನಿಯ ನಿಯಮ. ಕೆಲಸಕ್ಕೆ ಒಂದು ವರ್ಷದ ಅನುಭವ ಬೇಕಿದ್ದರೆ ಈ ಹುಡುಗನಿಗೆ ಕಂಪನಿಯಲ್ಲೇ ಹದಿನಾಲ್ಕೂವರೆ ತಿಂಗಳಾಗಿದೆ, ತೊಂದರೆ ಕಮ್ಮಿ. ಒಂದೂವರೆ ವರ್ಷ ಬೇಕಿದ್ದರೆ ಏಜೆನ್ಸಿಯ ಅವಧಿ ಒಪ್ಪಿದರಷ್ಟೇ ಲೆಕ್ಕ ಹೊಂದುತ್ತೆ.

ಡಿಟಿಪಿ ಅಂಗಡಿಯಲ್ಲಿ ಲೆಟರ್ ಮಾಡಿಸಿದರೆ?

ಇಂಥ ಹೊತ್ತಲ್ಲಿ "ಲೆಟರ್‌ಹೆಡ್ ಮ್ಯಾಲ ತಾರೀಖು ತಿದ್ದಿ ಪ್ರಿಂಟ್ ತೆಗಿಸು, ಯಾರು ನೋಡ್ತಾರ" ಅಂತ ಹೇಳೋರು ಸಿಗ್ತಾರೆ. ನೋಡೋರು ಇದ್ದೇ ಇದ್ದಾರೆ. ಲೆಟರ್ ಕೊಟ್ಟ ಕಂಪನಿಗೆ ಅದೇ ಪ್ರತಿ ಕಳಿಸಿ "ಇದು ನಿಮ್ಮದೇನಾ" ಅಂತ ಕೇಳೋದು ಪರಿಶೀಲನೆಯ ಒಂದು ಮಾಮೂಲಿ ಹೆಜ್ಜೆ. ಹದಿನಾಲ್ಕು ದಿನದ ನೆನಪಿನ ತಪ್ಪು ಒಪ್ಪಿಕೊಂಡರೆ ಕ್ಷಮೆ ಸಿಗಬಹುದು, ತಿದ್ದಿದ ಲೆಟರ್‌ಗೆ ಸಿಗೋದು ಕಷ್ಟ. ಅದು ಕೆಲಸ ಹೋಗೋದಷ್ಟಕ್ಕೇ ನಿಲ್ಲದೆ ಪೊಲೀಸ್ ಕೇಸ್ ಆಗುವ ಸಂಗತಿ.

ಅಂಗಡಿ ಮಾಲೀಕರು ಗಮನಿಸಿ

ಈ ಪರಿಶೀಲನೆಯ ಫೋನ್ ಊರಿನ ಅಂಗಡಿಗೂ ಬರಬಹುದು. ಮಾನ್ವಿಯ ಬಟ್ಟೆ ಅಂಗಡಿಯಲ್ಲೋ, ಗೊಬ್ಬರದ ಅಂಗಡಿಯಲ್ಲೋ ಕೆಲಸ ಮಾಡಿದ ಹುಡುಗ ಅದನ್ನು ಅನುಭವ ಅಂತ ಬರೆದಿದ್ದರೆ, ಮಾಲೀಕರಿಗೆ ಫೋನ್ ಮಾಡಿ "ಯಾವಾಗಿಂದ ಯಾವಾಗಿನ ತನಕ ಇದ್ದ?" ಅಂತ ಕೇಳುತ್ತಾರೆ. ಗಿರಾಕಿ ಗದ್ದಲದಲ್ಲಿ ನೆನಪಿನ ಮೇಲೆ "ಒಂದ್ ವರ್ಷ ಇದ್ದ ನೋಡ್ರಿ" ಅಂದುಬಿಟ್ಟರೆ ಆ ಮಾತು ಹುಡುಗನ ಫೈಲ್‌ನಲ್ಲಿ ವ್ಯತ್ಯಾಸ ಅಂತ ದಾಖಲಾಗುತ್ತೆ. "ಪಗಾರದ ಪುಸ್ತಕ ನೋಡಿ ಹೇಳ್ತೀನಿ, ಸಂಜೆ ಫೋನ್ ಮಾಡ್ರಿ" ಅಂದರೆ ಸಾಕು.

ಅನುಭವ ಪತ್ರ ಕೊಡುವಾಗಲೂ ಅಷ್ಟೇ. ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಪತ್ರ ಕೊಟ್ಟ ದಿನ ಬರೆದು ಸಹಿ, ಸೀಲು, ಫೋನ್ ನಂಬರ್ ಹಾಕಿ, ಒಂದು ಪ್ರತಿ ಅಂಗಡಿಯಲ್ಲೂ ಇಟ್ಟುಕೊಳ್ಳಿ. ಹುಡುಗನಿಗೆ ಒಳ್ಳೇದಾಗಲಿ ಅಂತ ಎಂಟು ತಿಂಗಳನ್ನು ಒಂದು ವರ್ಷ ಮಾಡಿ ಕೊಟ್ಟರೆ, ನಾಳೆ ಅದೇ ನಾಲ್ಕು ತಿಂಗಳಿಗೆ ಅವನು ಮೇಲ್ ಬರೆದು ಉತ್ತರ ಕೊಡಬೇಕಾಗುತ್ತೆ.