ಶಾಲೆಯ ಆಸ್ತಿ ವಹಿ: ಪುಸ್ತಕದಲ್ಲಿರುವುದು ಕೋಣೆಯಲ್ಲಿದೆಯೇ?

ಶಾಲೆಯ ಸಾಮಾನು ಒಂದೆಡೆ ನಿಲ್ಲುವುದಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರವಾದರೆ ಕೆಳಗಿನ ತರಗತಿಗಳ ಡೆಸ್ಕುಗಳು ಮೇಲಿನ ಮಹಡಿ ಸೇರುತ್ತವೆ, ಸಾಲದಿದ್ದರೆ ಪಕ್ಕದ ಶಾಲೆಯಿಂದಲೂ ಬರುತ್ತವೆ. ಚುನಾವಣೆ ಬಂದರೆ ಮತಗಟ್ಟೆಗಾಗಿ ಕೋಣೆ ಖಾಲಿ ಮಾಡಿ ಬೆಂಚುಗಳನ್ನು ಜಗಲಿಯಲ್ಲಿ ಪೇರಿಸುತ್ತಾರೆ. ವಾರ್ಷಿಕೋತ್ಸವಕ್ಕೆ ಕುರ್ಚಿ, ಮೈಕು, ಪ್ರೊಜೆಕ್ಟರು ಹೊರಗೆ ಬರುತ್ತವೆ. ಹೋದದ್ದೆಲ್ಲ ಹಿಂದಿರುಗಿತೇ, ಬಂದದ್ದರಲ್ಲಿ ನಮ್ಮದು ಯಾವುದು ಎಂದು ಹೇಳಬಲ್ಲ ಪುಸ್ತಕ ಒಂದೇ, ಸ್ಥಿರಾಸ್ತಿ ವಹಿ. ಹಳಬರು ಇದನ್ನು ಡೆಡ್ ಸ್ಟಾಕ್ ರಿಜಿಸ್ಟರ್ ಎನ್ನುತ್ತಾರೆ.

ಹೆಚ್ಚಿನ ಶಾಲೆಗಳಲ್ಲಿ ಈ ಪುಸ್ತಕ ಇದೆ. ಬಿಲ್ ಬಂದ ದಿನ ಅದರಲ್ಲಿ ಒಂದು ಸಾಲು ಏರುತ್ತದೆ: ‘ಕಂಪ್ಯೂಟರ್ 20, ₹7,00,000’. ಆಮೇಲೆ ಮುಖ್ಯೋಪಾಧ್ಯಾಯರು ನಿವೃತ್ತರಾಗಿ ಚಾರ್ಜ್ ಕೊಡುವ ದಿನದವರೆಗೆ ಅದನ್ನು ಯಾರೂ ತೆರೆಯುವುದಿಲ್ಲ. ಆ ದಿನ ಹೊಸಬರು ‘ಇಪ್ಪತ್ತು ಎಲ್ಲಿವೆ?’ ಎಂದು ಕೇಳಿದರೆ ಉತ್ತರ ಕೊಡಬೇಕಾದವರಿಗೂ ಗೊತ್ತಿರುವುದಿಲ್ಲ. ತೊಂದರೆ ಇರುವುದು ಆ ಒಂದೇ ಸಾಲಿನಲ್ಲಿ. ಇಪ್ಪತ್ತು ಕಂಪ್ಯೂಟರ್‌ಗಳಿಗೆ ಒಂದು ಸಾಲು ಬರೆದರೆ, ಅವುಗಳಲ್ಲಿ ಒಂದು ಕಾಣೆಯಾದಾಗ ಯಾವುದು ಕಾಣೆಯಾಯಿತೆಂದು ಗುರುತಿಸುವ ದಾರಿಯೇ ಇರುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಪ್ರತಿ ವಸ್ತುವಿಗೂ ಅದರದೇ ಸಂಖ್ಯೆ ಮತ್ತು ಅದರದೇ ಸಾಲು. ಇಲ್ಲಿ ಬಹಳಷ್ಟು ಶಾಲೆಗಳು ಒಂದೇ ಕಡೆ ಎಡವುತ್ತವೆ. ಎಂಟನೇ ತರಗತಿ ‘ಬಿ’ ವಿಭಾಗದ ಹನ್ನೆರಡನೇ ಡೆಸ್ಕಿಗೆ ‘8ಬಿ/12’ ಎಂದು ಬಣ್ಣದಲ್ಲಿ ಬರೆಯುತ್ತಾರೆ. ಮುಂದಿನ ಜೂನ್‌ನಲ್ಲಿ ಆ ಡೆಸ್ಕು ಒಂಬತ್ತನೇ ತರಗತಿಗೆ ಹೋದರೆ ಅದರ ಮೇಲಿನ ಬರಹವೇ ಸುಳ್ಳಾಗುತ್ತದೆ. ಸಂಖ್ಯೆಯಲ್ಲಿ ಕೋಣೆಯ ಹೆಸರು ಸೇರಬಾರದು. ಡೆಸ್ಕಿಗೆ ‘ಡೆ 0417’ ಎಂದಷ್ಟೇ ಇರಲಿ, ಅದು ಎಲ್ಲಿದೆ ಎಂಬುದು ವಹಿಯ ಬೇರೆ ಕಾಲಂನಲ್ಲಿರಲಿ. ಡೆಸ್ಕು ಜಾಗ ಬದಲಿಸಿದಾಗ ಆ ಕಾಲಂ ಮಾತ್ರ ಬದಲಾಗುತ್ತದೆ. ಡೆಸ್ಕು ಮುರಿದು ಗುಜರಿಗೆ ಹೋದ ಮೇಲೂ 0417 ಎಂಬ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು.

ಗುರುತು ಹಾಕುವ ಬಗೆ ವಸ್ತುವನ್ನು ನೋಡಿ ತೀರ್ಮಾನವಾಗಬೇಕು. ಕಬ್ಬಿಣದ ಕಾಲಿನ ಡೆಸ್ಕಿಗೆ ಸ್ಟೆನ್ಸಿಲ್ ಇಟ್ಟು ಬಳಿದ ಬಣ್ಣ ಸಾಕು, ಆದರೆ ಮಕ್ಕಳ ಕೈ ಸದಾ ಆಡುವ ಮೇಲುಹಲಗೆಯ ಮೇಲೆ ಬೇಡ, ಕಾಲಿನ ಒಳಬದಿಗೆ ಇರಲಿ. ಕಾಗದದ ಸ್ಟಿಕ್ಕರು ಒಂದು ಮಳೆಗಾಲ ಕಳೆಯುವುದರೊಳಗೆ ಉದುರುತ್ತದೆ. ಕಂಪ್ಯೂಟರ್, ಪ್ರೊಜೆಕ್ಟರ್‌ಗಳಿಗೆ ಅಲ್ಯೂಮಿನಿಯಂ ಹಾಳೆಯ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಲೇಬಲ್ ಬೇಕು, ಮತ್ತು ಅದು ಗೋಡೆಯ ಕಡೆಗಲ್ಲ, ಯಂತ್ರವನ್ನು ಎಳೆಯದೆ ಓದಬಹುದಾದ ಬದಿಯಲ್ಲಿರಬೇಕು. ಬಾರ್‌ಕೋಡ್ ಇದ್ದರೆ ಎಣಿಕೆ ಬೇಗ ಮುಗಿಯುತ್ತದೆ, ಆದರೆ ಐನೂರು ವಸ್ತುಗಳಿರುವ ಶಾಲೆಗೆ ಕಣ್ಣಿಗೆ ಕಾಣುವ ಸಂಖ್ಯೆಯೇ ಸಾಕು. ಪ್ರಯೋಗಾಲಯದ ಬೀಕರು, ಪರೀಕ್ಷಾ ನಳಿಕೆಗಳು ಆಸ್ತಿಯಲ್ಲ. ಅವು ಒಡೆಯುವ, ಮುಗಿಯುವ ಸಾಮಾನು, ಅವಕ್ಕೆ ದಾಸ್ತಾನು ವಹಿ ಬೇರೆ ಇರಬೇಕು. ಸೂಕ್ಷ್ಮದರ್ಶಕ ಆಸ್ತಿ.

ಕಂಪ್ಯೂಟರ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾನಿಟರ್ ಮತ್ತು ಸಿಪಿಯು ಎರಡು ಬೇರೆ ಪೆಟ್ಟಿಗೆಗಳು. ರಿಪೇರಿಗೆ ಬಂದವರು ಒಂದರ ಮಾನಿಟರನ್ನು ಇನ್ನೊಂದಕ್ಕೆ ಜೋಡಿಸುತ್ತಾರೆ. ಲೇಬಲ್ ಮಾನಿಟರಿನ ಮೇಲೆ ಮಾತ್ರ ಇದ್ದರೆ ಇಡೀ ಕಂಪ್ಯೂಟರ್ ಬದಲಾದಂತೆ ವಹಿ ಹೇಳುತ್ತದೆ. ಎರಡಕ್ಕೂ ಲೇಬಲ್ ಹಾಕಿ, ಕಂಪನಿಯೇ ಕೊಟ್ಟ ಸೀರಿಯಲ್ ನಂಬರನ್ನೂ ವಹಿಯಲ್ಲಿ ಬರೆದಿಡುವುದೇ ಸರಿ. ಲೇಬಲ್ಲನ್ನು ಕಿತ್ತು ಬೇರೆಡೆ ಅಂಟಿಸಬಹುದು, ಸೀರಿಯಲ್ ನಂಬರನ್ನು ಹಾಗೆ ಬದಲಿಸುವುದು ಸುಲಭವಲ್ಲ.

ಈಗ ಸವಕಳಿ. ಟ್ರಸ್ಟೊಂದು ನಡೆಸುವ ಪ್ರೌಢಶಾಲೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 2022ರ ಜೂನ್‌ನಲ್ಲಿ ತಲಾ ₹35,000ದಂತೆ 20 ಕಂಪ್ಯೂಟರ್ ಕೊಂಡಿತು. ಆದಾಯ ತೆರಿಗೆ ನಿಯಮದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ ಶೇ. 40, ಪೀಠೋಪಕರಣಕ್ಕೆ ಶೇ. 10 ಸವಕಳಿ ದರವಿದೆ. ಬಹಳಷ್ಟು ಶಾಲೆಗಳು ತಮ್ಮ ಲೆಕ್ಕಪತ್ರಕ್ಕೂ ಇದೇ ದರ ಹಿಡಿಯುತ್ತವೆ. ಇದನ್ನು ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಕಳೆಯಬೇಕು, ಮೂಲ ಬೆಲೆಯ ಮೇಲಲ್ಲ. ಒಂದು ಕಂಪ್ಯೂಟರ್ 2023ರ ಮಾರ್ಚ್ 31ಕ್ಕೆ ₹21,000 ಆಗುತ್ತದೆ, 2024ಕ್ಕೆ ₹12,600, 2025ಕ್ಕೆ ₹7,560. ಜೂನ್ ಬದಲು ಡಿಸೆಂಬರ್‌ನಲ್ಲಿ ಕೊಂಡಿದ್ದರೆ ಆ ವರ್ಷ ಬಳಸಿದ್ದು 180 ದಿನಕ್ಕಿಂತ ಕಡಿಮೆಯಾದ್ದರಿಂದ ಮೊದಲ ವರ್ಷ ಅರ್ಧ ದರ, ಅಂದರೆ ₹7,000 ಮಾತ್ರ ಕಳೆಯಬೇಕು. ಖರೀದಿಯ ದಿನಾಂಕದ ಜೊತೆಗೆ ಬಳಕೆಗೆ ತಂದ ದಿನಾಂಕಕ್ಕೂ ವಹಿಯಲ್ಲಿ ಜಾಗ ಬೇಕೆನ್ನುವುದು ಇದಕ್ಕೇ. ಭೂಮಿಗೆ ಸವಕಳಿ ಇಲ್ಲ, ಕಟ್ಟಡಕ್ಕೆ ಇದೆ. ಎರಡನ್ನೂ ಸೇರಿಸಿ ಒಂದೇ ಮೊತ್ತ ಬರೆದಿಟ್ಟ ವಹಿಗಳಲ್ಲಿ ಕಟ್ಟಡದ ಸವಕಳಿ ಎಂದೂ ಸರಿಬರುವುದಿಲ್ಲ.

ಕಂಪನಿಯಾಗಿ ನೋಂದಾಯಿಸಿಕೊಂಡು ನಡೆಯುವ ಶಾಲೆಗಳಿಗೆ 2013ರ ಕಂಪನಿ ಕಾಯ್ದೆ ದರದ ಬದಲು ಆಯುಷ್ಯವನ್ನು ಹೇಳುತ್ತದೆ. ಸಾಮಾನ್ಯ ಪೀಠೋಪಕರಣಕ್ಕೆ ಅಲ್ಲಿ 10 ವರ್ಷ ಆಯುಷ್ಯ, ಆದರೆ ಶಾಲೆಯ ಪೀಠೋಪಕರಣಕ್ಕೆ 8 ವರ್ಷವೇ. ಸಾಮಾನ್ಯ ಪ್ರಯೋಗಾಲಯ ಉಪಕರಣಕ್ಕೆ 10 ವರ್ಷವಾದರೆ ವಿದ್ಯಾಸಂಸ್ಥೆಯದಕ್ಕೆ 5. ಮಕ್ಕಳ ಕೈಯಲ್ಲಿ ವಸ್ತು ಬೇಗ ಸವೆಯುತ್ತದೆ ಎಂಬುದನ್ನು ಕಾನೂನೇ ಒಪ್ಪಿಕೊಂಡಿದೆ. ಹೊಸ ಡೆಸ್ಕು ಯಾವಾಗ ಬೇಕಾಗಬಹುದು ಎಂದು ಅಂದಾಜು ಮಾಡಲು ಟ್ರಸ್ಟ್ ಶಾಲೆಗಳಿಗೂ ಈ ಅಂಕಿಗಳು ಉಪಯುಕ್ತ.

ಟ್ರಸ್ಟ್ ಶಾಲೆಗಳು ನೆನಪಿಡಬೇಕಾದ ಮಾತು ಮತ್ತೊಂದಿದೆ. ಕಂಪ್ಯೂಟರ್ ಕೊಂಡ ವರ್ಷವೇ ಪೂರ್ತಿ ₹7 ಲಕ್ಷವನ್ನು ಧರ್ಮಾರ್ಥ ಉದ್ದೇಶಕ್ಕೆ ವಿನಿಯೋಗಿಸಿದ ಹಣವೆಂದು ತೆರಿಗೆ ಲೆಕ್ಕದಲ್ಲಿ ತೋರಿಸಿದ್ದರೆ, ಅದೇ ಕಂಪ್ಯೂಟರಿನ ಸವಕಳಿಯನ್ನು ಮತ್ತೆ ವಿನಿಯೋಗವೆಂದು ತೋರಿಸುವಂತಿಲ್ಲ. 2014ರ ತಿದ್ದುಪಡಿಯ ನಂತರ ಇದು ಸ್ಪಷ್ಟವಾಗಿದೆ. ಹಾಗಾಗಿ ಪ್ರತಿ ವಸ್ತುವಿನ ಎದುರು ‘ಯಾರ ದುಡ್ಡು, ವಿನಿಯೋಗವೆಂದು ತೋರಿಸಿದೆಯೇ’ ಎಂಬ ಕಾಲಂ ಇರಬೇಕು. ಸರ್ಕಾರದ ಅಥವಾ ಶಾಸಕರ ನಿಧಿಯಿಂದ ಬಂದ ವಸ್ತುವನ್ನು ಮಾರುವ ಮುನ್ನ ಮಂಜೂರಾತಿಯ ಷರತ್ತನ್ನು ನೋಡಬೇಕಾದಾಗಲೂ ಇದೇ ಕಾಲಂ ನೆರವಿಗೆ ಬರುತ್ತದೆ. ಇನ್ನು, ಸವಕಳಿ ಬರೆದ ಮಾತ್ರಕ್ಕೆ ದುಡ್ಡು ಕೂಡಿಡಲಾಗುವುದಿಲ್ಲ. 2025ರ ಮಾರ್ಚ್‌ಗೆ ಇಪ್ಪತ್ತು ಕಂಪ್ಯೂಟರ್‌ಗಳ ಬೆಲೆ ಪುಸ್ತಕದಲ್ಲಿ ₹1,51,200ಕ್ಕೆ ಇಳಿದಿದೆ ಎಂದರೆ ಹೊಸದಕ್ಕೆ ಹಣ ಸಿದ್ಧವಿದೆ ಎಂದರ್ಥವಲ್ಲ. ಅದಕ್ಕೆ ಬ್ಯಾಂಕಿನಲ್ಲಿ ಬೇರೆ ನಿಧಿಯೇ ಬೇಕು.

ಇಷ್ಟೆಲ್ಲ ಬರೆದಿಟ್ಟರೂ ವರ್ಷಕ್ಕೊಮ್ಮೆ ಕೋಣೆ ಕೋಣೆ ಸುತ್ತಿ ನೋಡದಿದ್ದರೆ ವಹಿ ಬರೀ ಲೆಕ್ಕವಾಗಿ ಉಳಿಯುತ್ತದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸ್ಥಿರಾಸ್ತಿಯನ್ನು ವರ್ಷಕ್ಕೆ ಒಮ್ಮೆಯಾದರೂ ಪರಿಶೀಲಿಸಿ ಫಲಿತಾಂಶವನ್ನು ಆ ವಹಿಯಲ್ಲೇ ದಾಖಲಿಸಬೇಕು ಎನ್ನುತ್ತವೆ. ಖಾಸಗಿ ಶಾಲೆಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಅನುಸರಿಸಲು ತಕ್ಕ ಮಾದರಿ. ಮಾರ್ಚ್ 31ಕ್ಕೇ ಎಣಿಸಬೇಕೆಂಬ ಹಟ ಬೇಡ. ಆಗ ಪರೀಕ್ಷೆಗಳ ಸಮಯ, ಡೆಸ್ಕುಗಳೆಲ್ಲ ಸ್ಥಾನಪಲ್ಲಟವಾಗಿರುತ್ತವೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಶುರುವಾದ ಕೂಡಲೇ ಎಣಿಸಿ, ಏಪ್ರಿಲ್ 1ರ ನಂತರ ಬಂದದ್ದನ್ನು, ಹೋದದ್ದನ್ನು ಬೇರೆಯಾಗಿ ಬರೆದುಕೊಂಡರಾಯಿತು.

ಎಣಿಸುವವರು ಆ ವಸ್ತುವಿನ ಉಸ್ತುವಾರಿಯವರಾಗಿರಬಾರದು. ಕಂಪ್ಯೂಟರ್ ಲ್ಯಾಬನ್ನು ಕನ್ನಡ ಮೇಷ್ಟ್ರು ಎಣಿಸಲಿ, ಲ್ಯಾಬಿನ ಉಸ್ತುವಾರಿಯವರು ಪಕ್ಕದಲ್ಲಿದ್ದು ತೋರಿಸಲಿ, ಕೊನೆಗೆ ಇಬ್ಬರೂ ಸಹಿ ಹಾಕಲಿ. ಎಣಿಕೆಯನ್ನು ಎರಡು ದಿಕ್ಕಿನಿಂದ ಮಾಡಬೇಕು. ವಹಿ ಹಿಡಿದು ವಸ್ತು ಹುಡುಕಿದರೆ ಇಲ್ಲದ್ದು ಗೊತ್ತಾಗುತ್ತದೆ. ಕೋಣೆಯಲ್ಲಿರುವ ವಸ್ತು ಹಿಡಿದು ವಹಿಯಲ್ಲಿ ಹುಡುಕಿದರೆ, ಬರೆಯದೆ ಬಿಟ್ಟದ್ದು ಗೊತ್ತಾಗುತ್ತದೆ. ಎರಡನೆಯದನ್ನು ಮಾಡುವವರು ಬಲು ಕಡಿಮೆ.

ನಮ್ಮ ಉದಾಹರಣೆಯ ಶಾಲೆಗೆ 2025ರ ಏಪ್ರಿಲ್‌ನಲ್ಲಿ ಹೋಗೋಣ. ವಹಿಯಲ್ಲಿ 20 ಕಂಪ್ಯೂಟರ್. ಲ್ಯಾಬಿನಲ್ಲಿ 19 ಇವೆ. ಒಂದೇ ಕಡಿಮೆ ಎಂದು ಎಣಿಸುವವರು ಅಲ್ಲಿಗೇ ನಿಲ್ಲಿಸಿದರೆ ಎರಡು ತಪ್ಪುಗಳು ಒಂದರಲ್ಲಿ ಒಂದು ಅಡಗಿಬಿಡುತ್ತವೆ. ಸಂಖ್ಯೆ ಓದುತ್ತ ಹೋದಾಗ ಬೇರೆ ಚಿತ್ರ ಕಾಣುತ್ತದೆ. ವಹಿಯಲ್ಲಿರುವುದರಲ್ಲಿ 18 ಮಾತ್ರ ಲ್ಯಾಬಿನಲ್ಲಿವೆ. ಹತ್ತೊಂಬತ್ತನೆಯದಕ್ಕೆ ಲೇಬಲ್ಲೇ ಇಲ್ಲ, ಅದು ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟದ್ದು. ಹಾಗಾದರೆ ಎರಡು ಕಾಣೆ. ಅವುಗಳಲ್ಲಿ ಒಂದು ಕಚೇರಿಯ ಮೇಜಿನ ಮೇಲೆ ಸಿಕ್ಕಿತು, ಅಲ್ಲಿಯ ಕಂಪ್ಯೂಟರ್ ಕೆಟ್ಟಾಗ ತಂದಿಟ್ಟದ್ದು. ಇನ್ನೊಂದು ಸ್ಟೋರ್ ರೂಮಿನಲ್ಲಿ, ರ್‍ಯಾಮ್ ಮತ್ತು ಹಾರ್ಡ್ ಡಿಸ್ಕನ್ನು ಬೇರೆಯವಕ್ಕೆ ತೆಗೆದುಕೊಂಡು ಬಿಟ್ಟ ಖಾಲಿ ಪೆಟ್ಟಿಗೆಯಾಗಿ ಸಿಕ್ಕಿತು.

ಈ ಮೂರಕ್ಕೂ ಬೇರೆ ಬೇರೆ ಪರಿಹಾರ. ಕಚೇರಿಯದಕ್ಕೆ ಸ್ಥಳದ ಕಾಲಂ ಬದಲಿಸಿ, ದಿನಾಂಕ ಹಾಕಿ, ಅದನ್ನು ಬಳಸುವವರ ಸಹಿ ಪಡೆದರೆ ಮುಗಿಯಿತು. ದಾನದ ಕಂಪ್ಯೂಟರಿಗೆ ಹೊಸ ಸಂಖ್ಯೆ ಕೊಟ್ಟು, ದಾನಿಯ ಪತ್ರ ಜೋಡಿಸಿ, ₹1 ನಾಮಮಾತ್ರ ಬೆಲೆಗೆ ವಹಿಗೆ ತೆಗೆದುಕೊಳ್ಳಬಹುದು. ಖಾಲಿ ಪೆಟ್ಟಿಗೆಯನ್ನು ಯಾರೂ ತಾವಾಗಿ ಹೊಡೆದುಹಾಕುವಂತಿಲ್ಲ. ಅದು ನಿರುಪಯುಕ್ತ ಎಂದು ಸಮಿತಿ ಬರೆದುಕೊಡಬೇಕು, ಆಡಳಿತ ಮಂಡಳಿ ನಿರ್ಣಯ ಮಾಡಬೇಕು, ಆಮೇಲೆ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕೊಟ್ಟು ರಸೀದಿ ಪಡೆಯಬೇಕು. ಬೀದಿಯ ಗುಜರಿಯವರಿಗೆ ಕೊಡಬಾರದು. ₹600 ಬಂತೆನ್ನಿ. ಪುಸ್ತಕದಲ್ಲಿದ್ದ ₹7,560ರಲ್ಲಿ ಉಳಿದ ₹6,960 ನಷ್ಟವೆಂದು ಶಾಲೆಯ ಲೆಕ್ಕಕ್ಕೆ ಹೋಗುತ್ತದೆ. ವಹಿಯ ಆ ಸಾಲನ್ನು ಅಳಿಸದೆ, ‘ವಿಲೇವಾರಿ’ ಎಂದು ಬರೆದು ನಿರ್ಣಯದ ಸಂಖ್ಯೆ ನಮೂದಿಸಬೇಕು.

ಇಷ್ಟು ಹುಡುಕಿಯೂ ಸಿಗದ ವಸ್ತುವಿಗೆ ಮಾತ್ರ ‘ಕಾಣೆ’ ಎನ್ನಬೇಕು, ಮತ್ತು ಆ ಮಾತನ್ನು ಆ ವರ್ಷವೇ ಬರೆಯಬೇಕು. ಮೂರು ವರ್ಷದ ಹಿಂದೆ ಹೋದದ್ದನ್ನು ಇಂದು ಕಂಡುಹಿಡಿದರೆ, ಆಗ ಲ್ಯಾಬಿನ ಬೀಗದ ಕೈ ಯಾರ ಬಳಿ ಇತ್ತು ಎಂದು ಹೇಳಬಲ್ಲವರು ಸಿಗುವುದಿಲ್ಲ, ತಪ್ಪು ಮಾಡದ ಜವಾನನ ಮೇಲೆ ಅನುಮಾನ ಬೀಳುತ್ತದೆ. ಪ್ರತಿ ವರ್ಷ ಎಲ್ಲವೂ ‘ಸರಿ ಇದೆ’ ಎಂದಿರುವ ಪರಿಶೀಲನಾ ವರದಿಯನ್ನೂ ನಾನು ನಂಬುವುದಿಲ್ಲ. ಐನೂರು ವಸ್ತುಗಳಿರುವ ಶಾಲೆಯಲ್ಲಿ ಒಂದೂ ಜಾಗ ಬದಲಿಸಲಿಲ್ಲ, ಒಂದೂ ಮುರಿಯಲಿಲ್ಲ ಎಂದರೆ ಯಾರೂ ಎಣಿಸಿಲ್ಲ ಎಂದೇ ಅರ್ಥ.

ನೀವು ಶಾಲೆಯೊಂದರ ಆಡಳಿತ ಮಂಡಳಿಯಲ್ಲೋ ಎಸ್‌ಡಿಎಂಸಿಯಲ್ಲೋ ಇದ್ದರೆ, ಮುಂದಿನ ಸಭೆಯಲ್ಲಿ ಆಸ್ತಿ ವಹಿಯನ್ನು ತರಿಸಿ, ಯಾವುದಾದರೂ ಹತ್ತು ಸಾಲು ಆರಿಸಿ, ಆ ಹತ್ತು ವಸ್ತುಗಳನ್ನು ಅಲ್ಲೇ ತೋರಿಸುವಂತೆ ಕೇಳಿ. ಆಮೇಲೆ ಕೋಣೆಯಲ್ಲಿ ಕಂಡ ಹತ್ತು ವಸ್ತುಗಳ ಸಂಖ್ಯೆ ಬರೆದುಕೊಂಡು, ಅವು ವಹಿಯ ಯಾವ ಪುಟದಲ್ಲಿವೆ ಎಂದೂ ಕೇಳಿ.